ದೊಡ್ಡಮ್ಮರವರಿಗೆ ಹಾರ್ದಿಕ ಶುಭಾಶಯಗಳು

ಯುಗಾದಿಗೆ ಇನ್ನೆರಡು ವಾರ ಇದೆ ಅನ್ನುವಾಗ ಫೋನಿನಲ್ಲಿ ‘ಕನ್ನಡ ಶುಭಾಶಯ’ ಅಂತ ಹುಡುಕಿ ನೋಡಿ. ಕಾರ್ಡ್ ಮಾಡಿಕೊಡುವ ಆ್ಯಪ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಎಲ್ಲದರ ಮುಖದ ಮೇಲೂ ಮಾವಿನ ತೋರಣ, ಬೆಳ್ಳಿ ಬಟ್ಟಲಲ್ಲಿ ಬೇವು-ಬೆಲ್ಲ. ಎಲ್ಲವೂ ಕೊಡುವ ಮಾತು ಕೂಡ ಒಂದೇ: ನಿಮ್ಮವರ ಹೆಸರು ಹಾಕಿ, ನಿಮ್ಮದೇ ಕಾರ್ಡ್ ಮಾಡಿ, ಒಂದೇ ಒತ್ತಿಗೆ ಕಳಿಸಿ.

ಈ ಸಲ ಅಂಥ ಐದು ಆ್ಯಪ್‌ಗಳನ್ನು ಹಾಕಿಕೊಂಡು ಐದರಲ್ಲೂ ಒಂದೇ ಕೆಲಸ ಮಾಡಿ ನೋಡಿದೆ. ನಮ್ಮ ಮನೆಯ ಏಳು ಜನ ಸಂಬಂಧಿಕರಿಗೆ ಏಳು ಕಾರ್ಡ್. ಆ್ಯಪ್‌ಗಳ ಹೆಸರು ಇಲ್ಲಿ ಹೇಳುವುದಿಲ್ಲ. ಒಂದರ ತಪ್ಪು ಇನ್ನೊಂದರಲ್ಲೂ ಇತ್ತು, ಹಾಗಾಗಿ ಒಬ್ಬರನ್ನು ಹಿಡಿದು ಬಯ್ಯುವುದರಲ್ಲಿ ಅರ್ಥವಿಲ್ಲ. ಚಿತ್ರಗಳ ಬಗ್ಗೆ ನನ್ನ ತಕರಾರೂ ಇಲ್ಲ. ಐದು ವರ್ಷದ ಹಿಂದೆ ಕಣ್ಣಿಗೆ ಹೊಡೆಯುತ್ತಿದ್ದ ಗುಲಾಬಿ, ಹೊಳೆಯುವ ನಕ್ಷತ್ರಗಳೆಲ್ಲ ಈಗ ಕಮ್ಮಿಯಾಗಿವೆ. ಒಳ್ಳೆ ಬಣ್ಣ, ಒಳ್ಳೆ ಅಕ್ಷರ ಸಿಗುತ್ತವೆ. ನನ್ನ ತಕರಾರು ಇರುವುದು ಕಾರ್ಡಿನ ಒಂದೇ ಒಂದು ಸಾಲಿನ ಬಗ್ಗೆ. ‘ನಿಮ್ಮದೇ’ ಅಂತ ಆ್ಯಪ್ ಹೇಳಿಕೊಳ್ಳುವ ಆ ಸಾಲಿನ ಬಗ್ಗೆ, ಅಂದರೆ ಹೆಸರು ಹಾಕುವ ಸಾಲಿನ ಬಗ್ಗೆ.

ಮೊದಲು ಒಂದು ಮಾತು. ಸಿದ್ಧ ಸಾಲು ಬಳಸುವುದೇ ತಪ್ಪು ಅನ್ನುವ ವಾದ ನನ್ನದಲ್ಲ. ‘ಕಾಲ ಕೆಟ್ಟೋಯ್ತು, ಎಲ್ಲಾ ಫಾರ್ವರ್ಡು’ ಅಂತ ಕೊರಗುವವರು ಒಮ್ಮೆ ಹಳೇ ಇನ್‌ಲ್ಯಾಂಡ್ ಲೆಟರ್ ತೆಗೆದು ನೋಡಬೇಕು. ಅಲ್ಲೂ ಮೊದಲ ಮೂರು ಸಾಲು ಸಿದ್ಧ ಸಾಲುಗಳೇ. ಅಪ್ಪನಿಗಾದರೆ ‘ತೀರ್ಥರೂಪು’, ಅಮ್ಮನಿಗಾದರೆ ‘ಮಾತೃಶ್ರೀ’, ತಮ್ಮನಿಗಾದರೆ ‘ಚಿರಂಜೀವಿ’. ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ, ಆಮೇಲೆ ‘ಉಭಯ ಕುಶಲೋಪರಿ’. ಶಾಲೆಯಲ್ಲಿ ಪತ್ರಲೇಖನ ಅಂತ ಕಲಿಸಿದ್ದು ಇದನ್ನೇ. ಆದರೆ ಆ ಅಚ್ಚಿನಲ್ಲಿ ಒಂದು ಜಾಣತನ ಇತ್ತು. ಮೊದಲ ಪದ ಬರೆಯಬೇಕಾದರೆ ‘ಇವರು ನಿನಗೆ ಏನಾಗಬೇಕು?’ ಅನ್ನುವುದಕ್ಕೆ ನೀವು ಉತ್ತರ ಕೊಟ್ಟಿರಬೇಕಿತ್ತು. ಹೆಸರು ಆಮೇಲೆ ಬರುತ್ತಿತ್ತು, ಎಷ್ಟೋ ಸಲ ವಿಳಾಸದಲ್ಲಿ ಮಾತ್ರ ಬರುತ್ತಿತ್ತು. ಆ್ಯಪ್ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದು ಕೇಳುವುದು ‘ಹೆಸರೇನು?’ ಅಂತ. ಮುಂದಿನ ಎಲ್ಲ ಎಡವಟ್ಟು ಹುಟ್ಟುವುದು ಈ ಒಂದು ಪ್ರಶ್ನೆಯಿಂದ.

ಹೆಸರಿನ ಡಬ್ಬಿಯಲ್ಲಿ ನಾನು ಮೊದಲು ಹಾಕಿದ್ದು ಸೋದರಮಾವನ ಹೆಸರು, ಸುರೇಶ್. ಕಾರ್ಡಿನ ಮೇಲೆ ಬಂದಿದ್ದು ಇದು: ‘ಪ್ರೀತಿಯ ಸುರೇಶ್ರವರಿಗೆ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು.’ ಒಮ್ಮೆ ಜೋರಾಗಿ ಓದಿ. ಸುರೇ-ಶ್ರವರಿಗೆ. ಮಾವನ ಹೆಸರಿನ ಬಾಲಕ್ಕೆ ‘ಶ್ರ’ ಅಂಟಿಕೊಂಡಿದೆ. ಒಳಗೆ ಏನಾಗಿದೆ ಅಂತ ಊಹಿಸುವುದು ನಮ್ಮಲ್ಲಿ ಬಹಳ ಜನಕ್ಕೆ ಕಷ್ಟವಲ್ಲ, ದಿನಾ ಮಾಡುವ ಕೆಲಸವೇ:

```
"ಪ್ರೀತಿಯ " + name + "ರವರಿಗೆ"
```

ಇಂಗ್ಲಿಷಿನಲ್ಲಿ ಹೀಗೆ ಮಾಡಿದರೆ ಏನೂ ಕೆಡುವುದಿಲ್ಲ. ಅಲ್ಲಿ ಹೆಸರು ಇಟ್ಟಿಗೆ ಇದ್ದ ಹಾಗೆ, ಎಲ್ಲಿಟ್ಟರೂ ಅದರ ಆಕಾರ ಅದೇ. ಕನ್ನಡದಲ್ಲಿ ಹೆಸರಿನ ತುದಿ ಮತ್ತು ಮುಂದೆ ಬರುವ ಅಕ್ಷರ ಕೈ ಹಿಡಿದುಕೊಳ್ಳುತ್ತವೆ. ‘ಸುರೇಶ್’ ಮುಗಿಯುವುದು ‘ಶ’ ಮತ್ತು ಅದರ ಮೇಲಿನ ಅರ್ಧಾಕ್ಷರದ ಚಿಹ್ನೆಯಿಂದ. ಯೂನಿಕೋಡ್ ಲೆಕ್ಕದಲ್ಲಿ ಆ ಚಿಹ್ನೆಗೆ U+0CCD ಅನ್ನುವ ಸಂಖ್ಯೆ. ಅದರ ಹಿಂದೆಯೇ ಇನ್ನೊಂದು ವ್ಯಂಜನ ಬಂದರೆ ‘ಇದು ಒತ್ತಕ್ಷರ’ ಅಂತ ಫಾಂಟ್ ತೀರ್ಮಾನ ಮಾಡುತ್ತದೆ. ‘ರವರಿಗೆ’ಯ ‘ರ’ ಹೋಗಿ ‘ಶ’ದ ಕೆಳಗೆ ಕೂತುಕೊಳ್ಳುತ್ತದೆ. ಫಾಂಟಿನದ್ದು ತಪ್ಪಲ್ಲ, ಅದಕ್ಕೆ ಹೇಳಿಕೊಟ್ಟಿದ್ದೇ ಹಾಗೆ. ಕಿರಣ್, ಮಂಜುನಾಥ್, ಪ್ರಸಾದ್, ಹೀಗೆ ಅರ್ಧಾಕ್ಷರದಲ್ಲಿ ಮುಗಿಯುವ ಯಾವ ಹೆಸರಾದರೂ ಇದೇ ಗತಿ. ನಮ್ಮ ಹಿಂದಿನ ತಲೆಮಾರಿನ ಗಂಡಸರಲ್ಲಿ ಅರ್ಧ ಜನ ಈ ಪಟ್ಟಿಯಲ್ಲಿ ಇದ್ದಾರೇನೋ ಅನ್ನಿಸುತ್ತೆ.

ಇದಕ್ಕೆ ಮದ್ದು ಇದೆ, ಬಹಳ ಹಳೆಯ ಮದ್ದು. ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಗೋಡೆ ಹಾಕುವುದು. U+200C ಅಂತ ಅದರ ಸಂಖ್ಯೆ. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಬರೆದಾಗಲೆಲ್ಲ ‘ಟ್’ ಮತ್ತು ‘ವೇ’ ನಡುವೆ ಆ ಗೋಡೆ ಇರುತ್ತದೆ. ಆ್ಯಪ್ ಮಾಡುವವರು ಹೆಸರಿನ ಕೊನೆಯಲ್ಲಿ ಅರ್ಧಾಕ್ಷರ ಇದೆಯಾ ಅಂತ ನೋಡಿ, ಇದ್ದರೆ ಆ ಗೋಡೆ ಹಾಕಿದರೆ ಮುಗಿಯಿತು. ಎರಡು ಸಾಲಿನ ಕೆಲಸ. ಅದೂ ಬೇಡವೆಂದರೆ ‘ರವರಿಗೆ’ಯನ್ನು ಬಿಟ್ಟು, ಜಾಗ ಕೊಟ್ಟು ‘ಅವರಿಗೆ’ ಅಂತ ಹಾಕಬಹುದು. ‘ಸುರೇಶ್ ಅವರಿಗೆ’. ಹಾಗೆ ನೋಡಿದರೆ ಸರಿಯಾದ ಪದ ಅದೇ. ‘ರವರು’ ಅನ್ನುವುದು ಲಗ್ನಪತ್ರಿಕೆ, ಕಚೇರಿ ನೋಟೀಸು, ಲಕೋಟೆಗಳಿಂದ ಬಂದ ಅಭ್ಯಾಸ. ಯಾರೂ ಬಾಯಲ್ಲಿ ‘ಸುರೇಶರವರು ಬಂದ್ರು’ ಅನ್ನುವುದಿಲ್ಲ.

ಅಕ್ಷರಗಳ ವಿಷಯ ಬಂತಲ್ಲ, ಅದನ್ನೂ ಇಲ್ಲೇ ಮುಗಿಸುತ್ತೇನೆ. ಯಾವುದೇ ಕಾರ್ಡ್ ಆ್ಯಪ್ ಕನ್ನಡಕ್ಕೆ ಲಾಯಕ್ಕೋ ಅಲ್ಲವೋ ಅಂತ ನೋಡಲು ನಾನು ಎರಡು ಪದ ಇಟ್ಟುಕೊಂಡಿದ್ದೇನೆ: ಲಕ್ಷ್ಮಿ ಮತ್ತು ಹಾರ್ದಿಕ. ಒಂದು ಎಲ್ಲರ ಮನೆಯಲ್ಲೂ ಒಬ್ಬರಿಗೆ ಇರುವ ಹೆಸರು, ಇನ್ನೊಂದು ಎಲ್ಲ ಕಾರ್ಡಿನಲ್ಲೂ ಇರುವ ಪದ. ‘ಕ್ಷ್ಮಿ’ಯಲ್ಲಿ ಮೂರು ವ್ಯಂಜನ ಒಟ್ಟಿಗೆ ಇವೆ, ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಕತ್ತರಿಸಿದ್ದರೆ ಒತ್ತಿನ ಬುಡ ಕಾಣೆಯಾಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ಹೋಗಿ ಬಡಿಯುತ್ತದೆ. ‘ಹಾರ್ದಿಕ’ದಲ್ಲಿ ನೋಡಬೇಕಾದದ್ದು ಅರ್ಕಾವತ್ತು. ಟೈಪ್ ಮಾಡುವಾಗ ‘ರ’ ಮೊದಲು, ‘ದಿ’ ಆಮೇಲೆ. ತೆರೆಯ ಮೇಲೆ ಅರ್ಕಾವತ್ತು ‘ದಿ’ಯ ಬಲಕ್ಕೆ ಬರಬೇಕು. ಅದರ ಬದಲು ಅರ್ಧ ‘ರ’, ಪೂರ್ತಿ ‘ದಿ’ ಬೇರೆ ಬೇರೆ ನಿಂತಿದ್ದರೆ ಆ ಆ್ಯಪ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ ಅಂತ ಅರ್ಥ.

ನಾನು ನೋಡಿದ ಐದರಲ್ಲಿ ನೇರ ಸಾಲುಗಳು ಬಹುತೇಕ ಚೆನ್ನಾಗಿಯೇ ಬಂದವು. ಕೆಟ್ಟಿದ್ದು ‘ಕಮಾನು’ ಅನ್ನುವ ಅಲಂಕಾರ ಒತ್ತಿದಾಗ. ಪದಗಳನ್ನು ಕಾಮನಬಿಲ್ಲಿನ ಹಾಗೆ ಬಾಗಿಸುವ ಸೌಲಭ್ಯ ಅದು. ಬಾಗಿಸಬೇಕಾದರೆ ಆ್ಯಪ್ ಪದವನ್ನು ಒಡೆದು ಒಂದೊಂದು ತುಂಡನ್ನೂ ಬೇರೆ ಕೋನದಲ್ಲಿ ಇಡುತ್ತದೆ. ಇಂಗ್ಲಿಷಿನಲ್ಲಿ ಒಂದು ತುಂಡು ಅಂದರೆ ಒಂದು ಅಕ್ಷರ. ನಮ್ಮಲ್ಲಿ ‘ಕ್ಷ್ಮಿ’ ಅನ್ನುವ ಒಂದೇ ಅಕ್ಷರದ ಒಳಗೆ ಆರು ತುಂಡುಗಳಿವೆ: ಕ, ಅರ್ಧದ ಚಿಹ್ನೆ, ಷ, ಮತ್ತೆ ಅರ್ಧದ ಚಿಹ್ನೆ, ಮ, ಗುಡಿಸು. ಆರನ್ನೂ ಬಿಡಿಸಿ ಕಮಾನಿನ ಮೇಲೆ ಒಣಹಾಕಿತ್ತು ಒಂದು ಆ್ಯಪ್. ಒಂಟಿ ಗುಡಿಸು ಕೂರಲು ಜಾಗವಿಲ್ಲದೆ ಚುಕ್ಕಿಗಳ ಸೊನ್ನೆಯೊಂದರ ಮೇಲೆ ಕೂತಿತ್ತು. ಲಕ್ಷ್ಮಿ ಅತ್ತೆಯ ಹೆಸರು ನೋಡಿದರೆ ಯಾರೋ ಕೈಯಿಂದ ಬೀಳಿಸಿ ಒಡೆದ ಹಾಗಿತ್ತು. ಹಾಗಾಗಿ ಕನ್ನಡದ ಪದಕ್ಕೆ ಕಮಾನು ಹಾಗೂ ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಅಲಂಕಾರ, ಇವೆರಡನ್ನು ಬಳಸುವ ಮೊದಲು ‘ಲಕ್ಷ್ಮಿ’ ಬರೆದು ನೋಡಿ.

ಅಕ್ಷರದ ತೊಂದರೆಗೆ ಇಂದಲ್ಲ ನಾಳೆ ರಿಪೇರಿ ಇದೆ. ಸಂಬಂಧದ ತೊಂದರೆ ಬೇರೆ.

ಏಳು ಜನರಲ್ಲಿ ನನ್ನ ಪಟ್ಟಿಯ ಮೇಲೆ ಇದ್ದವರು ದೊಡ್ಡಮ್ಮ. ಅಮ್ಮನ ಅಕ್ಕ, ತಿಪಟೂರಿನಲ್ಲಿ ಇದ್ದಾರೆ. ಹೆಸರು ಸರೋಜ. ಆದರೆ ನನ್ನ ಬಾಯಲ್ಲಿ ಆ ಹೆಸರು ಬ್ಯಾಂಕಿನ ಫಾರಂ ತುಂಬುವಾಗ ಬಿಟ್ಟರೆ ಬಂದಿಲ್ಲ. ಹೆಸರಿನ ಡಬ್ಬಿಯಲ್ಲಿ ಏನು ಹಾಕಲಿ? ‘ಸರೋಜ’ ಅಂದರೆ ‘ಪ್ರೀತಿಯ ಸರೋಜರವರಿಗೆ’ ಅಂತ ಬರುತ್ತದೆ. ವಿಮಾ ಕಂಪನಿಯವರು ಹುಟ್ಟುಹಬ್ಬಕ್ಕೆ ಹೀಗೇ ಕಳಿಸುತ್ತಾರೆ. ಸರಿ, ‘ದೊಡ್ಡಮ್ಮ’ ಅಂತ ಹಾಕಿದೆ. ‘ಪ್ರೀತಿಯ ದೊಡ್ಡಮ್ಮರವರಿಗೆ’ ಅಂತ ಬಂತು. ವ್ಯಾಕರಣಕ್ಕೆ ಸರಿಯಾಗಬೇಕಾದರೆ ‘ದೊಡ್ಡಮ್ಮನವರಿಗೆ’ ಆಗಬೇಕು. ಆದರೆ ಹಾಗಂದರೆ ಊರಾಚೆ ಗುಡಿಯಲ್ಲಿರುವ ದೇವಿಗೆ ಹರಕೆ ಹೊತ್ತ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ನಾವು ಹೇಳುವುದು ‘ದೊಡ್ಡಮ್ಮಂಗೆ’, ಬರೆದರೆ ‘ದೊಡ್ಡಮ್ಮನಿಗೆ’.

ಈ ‘ಗೆ’ ನೋಡಿ, ಪ್ರತಿಯೊಬ್ಬರಿಗೂ ಬೇರೆ ವೇಷ ಹಾಕುತ್ತದೆ. ಅಣ್ಣನಿಗೆ, ಅತ್ತೆಗೆ, ಗುರುವಿಗೆ. ಅಣ್ಣ ಅಂದರೆ ‘ನಿಗೆ’, ಆದರೆ ಅದೇ ರೀತಿ ‘ಅ’ದಲ್ಲಿ ಮುಗಿಯುವ ಮರಕ್ಕೆ ‘ಕ್ಕೆ’. ಅಂದರೆ ಎದುರಿಗಿರುವುದು ಮನುಷ್ಯನೋ ಮರವೋ ಅಂತ ಯಂತ್ರಕ್ಕೆ ಗೊತ್ತಿರಬೇಕು. ಹೆಂಗಸೋ ಗಂಡಸೋ ಗೊತ್ತಿರಬೇಕು. ಗೊತ್ತಾದರೂ ಸಾಲದು. ವ್ಯಾಕರಣದ ಪುಸ್ತಕ ನಂಬಿ ‘ಸರೋಜಳಿಗೆ’ ಅಂದರೆ ದೊಡ್ಡಮ್ಮನ ಮನೆಗೆ ಮತ್ತೆ ಕಾಲಿಡುವ ಹಾಗಿಲ್ಲ. ಯಾರನ್ನು ಯಾರು ಕರೆಯುತ್ತಿದ್ದಾರೆ ಅನ್ನುವುದರ ಮೇಲೆ ವಿಭಕ್ತಿ ನಿಂತಿದೆ, ಬರೀ ಕೊನೆಯ ಅಕ್ಷರದ ಮೇಲಲ್ಲ.

ಇನ್ನು ನೀನು-ನೀವು. ನನಗೆ ಅಮ್ಮ ‘ನೀನು’, ಅಮ್ಮನ ಅಕ್ಕ ‘ನೀವು’. ಬೆನ್ನಿಗೆ ಬಿದ್ದ ಅಕ್ಕತಂಗಿಯರು, ಆದರೂ ಹಾಗೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ, ನಾಲಿಗೆಗೆ ಗೊತ್ತು. ಪಕ್ಕದ ಮನೆಯಲ್ಲಿ ಅಪ್ಪನಿಗೂ ‘ನೀನು’ ಅನ್ನುತ್ತಾರೆ. ಧಾರವಾಡದ ಕಡೆಯ ಸ್ನೇಹಿತನಿಗೆ ಚಿಕ್ಕಪ್ಪ ಅನ್ನುವವರೇ ಇಲ್ಲ, ಇರುವವರು ಕಾಕಾ. ಅವನಿಗೆ ‘ಪ್ರೀತಿಯ ಚಿಕ್ಕಪ್ಪ’ ಅನ್ನುವ ಸಿದ್ಧ ಕಾರ್ಡು ಯಾವ ಉಪಯೋಗಕ್ಕೂ ಬಾರದು. ಆ್ಯಪ್‌ಗಳು ಎಲ್ಲರಿಗೂ ‘ನಿಮಗೆ’ ಅಂತ ಹಾಕಿ ಪಾರಾಗುತ್ತವೆ. ಅಪರಿಚಿತರಿಗೆ ಅದು ಸರಿ. ಆದರೆ ತಂಗಿಗೆ ‘ತಮಗೂ ತಮ್ಮ ಕುಟುಂಬದವರಿಗೂ’ ಅಂತ ಕಾರ್ಡ್ ಹೋದರೆ ಅವಳು ಫೋನ್ ಮಾಡಿ ಕೇಳುತ್ತಾಳೆ, ‘ಏನೋ, ಆಸ್ತಿ ಭಾಗದ ನೋಟೀಸಾ?’ ಅಂತ.

ಆ ‘ಕುಟುಂಬ’ದ ಕಥೆ ಇನ್ನೂ ತಮಾಷೆ. ಇಂಗ್ಲಿಷಿನ ಶುಭಾಶಯದಲ್ಲಿ ‘ನಿಮಗೆ ಮತ್ತು ನಿಮ್ಮ ಕುಟುಂಬಕ್ಕೆ’ ಅನ್ನುವುದು ಸೌಜನ್ಯದ ಮಾತು, ಅದನ್ನೇ ಕನ್ನಡಕ್ಕೆ ಎತ್ತಿ ಇಟ್ಟಿದ್ದಾರೆ. ಸಹೋದ್ಯೋಗಿಗೆ, ಫ್ಲ್ಯಾಟಿನ ಪಕ್ಕದ ಮನೆಯವರಿಗೆ ಅದು ಹೊಂದುತ್ತದೆ. ದೊಡ್ಡಮ್ಮನಿಗೆ ‘ನಿಮ್ಮ ಕುಟುಂಬಕ್ಕೆ’ ಅಂದರೆ? ನಾನು ಯಾವ ಕುಟುಂಬ ಹಾಗಾದರೆ? ಬಾಯಲ್ಲಿ ನಾವು ಹೇಳುವುದು ‘ಮನೇಲಿ ಎಲ್ಲರಿಗೂ ಹೇಳಿ’ ಅಂತ. ಅದು ಶುಭಾಶಯವೂ ಹೌದು, ಅವರ ಕೈಗೆ ಕೊಟ್ಟ ಒಂದು ಸಣ್ಣ ಕೆಲಸವೂ ಹೌದು.

ಹಾರೈಕೆಗೆ ದಿಕ್ಕು ಕೂಡ ಇದೆ. ನಮ್ಮ ಕಡೆ ಯುಗಾದಿಯಲ್ಲಿ ಸಂಜೆ ಚಂದ್ರನನ್ನು ಹುಡುಕಿ ನೋಡಿ, ಆಮೇಲೆ ದೊಡ್ಡವರ ಕಾಲಿಗೆ ನಮಸ್ಕಾರ ಮಾಡುತ್ತೇವೆ. ಕೊಡುವವರು ಅವರು, ತೆಗೆದುಕೊಳ್ಳುವವರು ನಾವು. ಕಾರ್ಡುಗಳಲ್ಲಿ ಇದು ತಲೆಕೆಳಗಾಗಿದೆ. ಇಪ್ಪತ್ತೆಂಟು ವರ್ಷದ ನಾನು ಎಪ್ಪತ್ತೊಂದರ ದೊಡ್ಡಮ್ಮನಿಗೆ ‘ನಿಮ್ಮ ಬಾಳು ಬೆಳಗಲಿ, ಭಗವಂತನು ನಿಮಗೆ ಸದ್ಬುದ್ಧಿ, ಯಶಸ್ಸು ಕರುಣಿಸಲಿ’ ಅನ್ನಬೇಕಂತೆ. ಸದ್ಬುದ್ಧಿಯನ್ನಂತೂ ನನ್ನ ಕೈಯಿಂದ ಅವರಿಗೆ ಕಳಿಸುವ ಧೈರ್ಯ ನನಗಿಲ್ಲ. ಹಳೆಯ ಪತ್ರದ ಅಚ್ಚು ಇಲ್ಲಿ ಎಡವುತ್ತಿರಲಿಲ್ಲ. ‘ನಮಸ್ಕಾರ’ ಮತ್ತು ‘ಆಶೀರ್ವಾದ’ ಅನ್ನುವ ಎರಡೇ ಪದದಲ್ಲಿ ದಿಕ್ಕು ತೋರಿಸಿ ಮುಂದಕ್ಕೆ ಹೋಗುತ್ತಿತ್ತು.

ಇವೆಲ್ಲ ನಕ್ಕು ಬಿಡಬಹುದಾದ ವಿಷಯಗಳು ಅನ್ನಿಸಬಹುದು. ನಿಜ, ಹೆಚ್ಚಿನವರು ನಕ್ಕು ಬಿಡುತ್ತಾರೆ. ಸುರೇಶ್ ಮಾವ ‘ಸುರೇಶ್ರವರಿಗೆ’ ನೋಡಿದ್ದರೆ ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಿದ್ದರು. ಆದರೆ ನಗಲಾಗದ ಒಂದು ಕಾರ್ಡು ನನ್ನ ಪಟ್ಟಿಯಲ್ಲಿತ್ತು.

ದೊಡ್ಡಪ್ಪ ತೀರಿಕೊಂಡಿದ್ದು ಹೋದ ಕಾರ್ತಿಕದಲ್ಲಿ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ತೋರಣ ಕಟ್ಟುವುದಿಲ್ಲ, ಒಬ್ಬಟ್ಟು ಮಾಡುವುದಿಲ್ಲ. ಈ ಯುಗಾದಿಗೆ ದೊಡ್ಡಮ್ಮನ ಬಾಗಿಲಲ್ಲಿ ಮಾವಿನೆಲೆ ಇರುವುದಿಲ್ಲ. ಆ ಬಾಗಿಲಿಗೆ ಮಾವಿನ ತೋರಣದ ಚಿತ್ರ ಕಳಿಸುವುದು ಹೇಗೆ? ಹಾಗಂತ ಏನೂ ಕಳಿಸದೆ ಸುಮ್ಮನಿರುವುದು ಹೇಗೆ? ಅವತ್ತು ಬೆಳಿಗ್ಗೆ ಮಿಕ್ಕವರ ಫೋನುಗಳೆಲ್ಲ ಗುಂಯ್‌ಗುಡುವಾಗ ಅವರ ಫೋನು ಮಾತ್ರ ಸುಮ್ಮನಿದ್ದರೆ ಅದೂ ಒಂದು ಮಾತೇ ಆಗುತ್ತದೆ.

ಐದೂ ಆ್ಯಪ್‌ಗಳಲ್ಲಿ ಹುಡುಕಿದೆ. ಹಬ್ಬಗಳ ಪಟ್ಟಿ ಇದೆ, ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ ಇದೆ, ‘ಭಾವಪೂರ್ಣ ಶ್ರದ್ಧಾಂಜಲಿ’ ಇದೆ. ಹಬ್ಬವೂ ದುಃಖವೂ ಒಂದೇ ದಿನ ಬಂದ ಮನೆಗೆ ಕಾರ್ಡಿಲ್ಲ. ಇರಬೇಕಿತ್ತು ಅಂತಲೂ ನಾನು ಹೇಳುತ್ತಿಲ್ಲ. ಅಂಥ ಕಾರ್ಡನ್ನು ಯಾರೂ ಮೊದಲೇ ಬರೆದಿಡಲು ಆಗುವುದಿಲ್ಲ, ಬರೆದಿಟ್ಟರೆ ಅದೂ ಕೆಟ್ಟದಾಗಿರುತ್ತದೆ. ನಾನು ಹೇಳುವುದು ಇಷ್ಟೇ: ಕಾರ್ಡಿನ ಕೆಲಸ ಎಲ್ಲಿಗೆ ಮುಗಿಯುತ್ತದೆ ಅಂತ ಕಾರ್ಡಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರಬೇಕು. ಹೆಸರಿನ ಡಬ್ಬಿಯಲ್ಲಿ ‘ದೊಡ್ಡಮ್ಮ’ ಅಂತ ತುಂಬಿದ ಕೂಡಲೇ ‘ಇದು ನನ್ನ ಮಾತೇ’ ಅಂತ ನಮಗೆ ಅನ್ನಿಸಿಬಿಡುತ್ತದೆ, ಕೈ ಕಳಿಸುವ ಗುಂಡಿಯ ಮೇಲೆ ಹೋಗಿಬಿಡುತ್ತದೆ. ಎಲ್ಲರಿಗೂ ಆಯ್ಕೆ ಮಾಡಿ ಒಟ್ಟಿಗೆ ಕಳಿಸುವ ಸೌಲಭ್ಯ ಇದ್ದರಂತೂ ತಿಪಟೂರಿನ ಬಾಗಿಲು, ಬೆಂಗಳೂರಿನ ಬಾಗಿಲು ಎರಡಕ್ಕೂ ಒಂದೇ ತೋರಣ.

ಕೊನೆಗೆ ಆ್ಯಪ್ ಮುಚ್ಚಿ ಬರೀ ಅಕ್ಷರದಲ್ಲಿ ಬರೆದೆ: ‘ದೊಡ್ಡಮ್ಮಾ, ನಮಸ್ಕಾರ. ಈ ಸಲ ನಿಮ್ಮನೇಲಿ ಹಬ್ಬ ಇಲ್ಲ ಅಂತ ಗೊತ್ತು. ಪ್ರತಿ ಯುಗಾದೀಲೂ ದೊಡ್ಡಪ್ಪ ಮಹಡಿ ಮೇಲೆ ನಿಂತ್ಕೊಂಡು, ಚಂದ್ರ ಮೊದಲು ನಂಗೇ ಕಂಡಿದ್ದು ಅಂತ ಜಗಳ ಆಡ್ತಿದ್ರಲ್ಲ, ಅದು ನೆನಪಾಯ್ತು. ಬರೋ ಶನಿವಾರ ಬರ್ತೀನಿ, ಮಧ್ಯಾಹ್ನ ಊಟಕ್ಕೆ ಇರ್ತೀನಿ.’ ಸಾಹಿತ್ಯ ಅಲ್ಲ ಇದು. ಆದರೆ ಇದರಲ್ಲಿ ‘ಗೆ’ಯ ಗೊಡವೆಯೇ ಇಲ್ಲ, ಗಮನಿಸಿ. ‘ದೊಡ್ಡಮ್ಮಾ’ ಅಂತ ಕರೆದುಬಿಟ್ಟರೆ ವಿಭಕ್ತಿಯ ಲೆಕ್ಕಾಚಾರವೆಲ್ಲ ಬಿಟ್ಟುಹೋಗುತ್ತದೆ. ಕನ್ನಡದಲ್ಲಿ ಯಾರನ್ನಾದರೂ ಮಾತಾಡಿಸುವುದಕ್ಕೆ ಅತಿ ಸುಲಭದ ದಾರಿ ಅವರನ್ನು ಕರೆಯುವುದು, ಸಂಬೋಧನೆ. ಆ್ಯಪ್ ಬರೆಯುವವರು ‘ರವರಿಗೆ’ ತೆಗೆದು ಹಾಕಿ ಬರೀ ಒಂದು ಅಲ್ಪವಿರಾಮ ಇಟ್ಟಿದ್ದರೂ ಅರ್ಧ ಸಮಸ್ಯೆ ಮುಗಿಯುತ್ತಿತ್ತು.

ಬರೀ ಅಕ್ಷರದಲ್ಲಿ ಕಳಿಸಿದ್ದಕ್ಕೆ ಇನ್ನೊಂದು ಲಾಭ ಇತ್ತು. ದೊಡ್ಡಮ್ಮನ ಫೋನಿನಲ್ಲಿ ಅಕ್ಷರದ ಗಾತ್ರವನ್ನು ತುಂಬಾ ದೊಡ್ಡದು ಮಾಡಿಟ್ಟಿದ್ದಾರೆ. ವಾಟ್ಸಾಪಿನಲ್ಲಿ ಬಂದ ಮಾತು ಆ ಗಾತ್ರದಲ್ಲೇ ಕಾಣುತ್ತದೆ. ಕಾರ್ಡಿನ ಮೇಲಿನ ಮಾತು ಕಾಣುವುದಿಲ್ಲ, ಯಾಕೆಂದರೆ ಅದು ಮಾತಲ್ಲ, ಚಿತ್ರ. ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು. ಕಳಿಸುವಾಗ ಚಿತ್ರ ಕುಗ್ಗಿ ಹೋಗಿರುವುದರಿಂದ ಒತ್ತಕ್ಷರಗಳ ಅಂಚು ಬೇರೆ ಮಸುಕಾಗಿರುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ಸೌಲಭ್ಯಕ್ಕೂ ಚಿತ್ರದೊಳಗಿನ ಕನ್ನಡ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಕಾರ್ಡು ಕಳಿಸುವುದಾದರೆ ನಾನು ಈಗ ಮಾಡುವುದು ಹೀಗೆ: ಆ್ಯಪಿನಿಂದ ಬರೀ ಚಿತ್ರ ತೆಗೆದುಕೊಳ್ಳುತ್ತೇನೆ, ಹೆಸರಿನ ಸಾಲು ಖಾಲಿ ಬಿಡುತ್ತೇನೆ. ಹೇಳಬೇಕಾದ್ದನ್ನು ಚಿತ್ರದ ಕೆಳಗಿನ ಜಾಗದಲ್ಲಿ ಟೈಪ್ ಮಾಡುತ್ತೇನೆ. ಎರಡು ಸಾಲು ಸಾಕು. ಮಿಕ್ಕ ಆರು ಜನಕ್ಕೆ ಹೋಗಿದ್ದು ಹಾಗೇ.

ಈ ಆ್ಯಪ್‌ಗಳಿಲ್ಲದೆ ಆಗದವರೂ ಇದ್ದಾರೆ, ಅವರನ್ನು ಮರೆತು ತೀರ್ಪು ಕೊಡುವುದು ಸರಿಯಲ್ಲ. ಮುಂಬೈಯಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆದ, ಮನೆಯಲ್ಲಿ ಸಲೀಸಾಗಿ ಕನ್ನಡ ಮಾತಾಡುವ, ಆದರೆ ಓದಲು ಬರೆಯಲು ಬಾರದ ಮಕ್ಕಳು. ಅಜ್ಜಿಗೆ ಕನ್ನಡದಲ್ಲೇ ಒಂದು ಸಾಲು ಕಳಿಸಬೇಕು ಅನ್ನುವ ಆಸೆ ಅವರಿಗಿದೆ. ಅವರಿಗೆ ಸಿದ್ಧ ಕಾರ್ಡೇ ಗತಿ. ಆದರೆ ಪೆಟ್ಟು ಹೆಚ್ಚು ಬೀಳುವುದೂ ಅವರಿಗೇ, ಯಾಕೆಂದರೆ ಬಂದಿದ್ದು ಸರಿಯಿದೆಯೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ. ಒಂದು ಆ್ಯಪಿನ ಕನ್ನಡ ವಿಭಾಗದಲ್ಲಿ ತೆಲುಗು ಕಾರ್ಡು ನೆಮ್ಮದಿಯಾಗಿ ಕೂತಿತ್ತು. ಓದಲು ಬಾರದ ಕಣ್ಣಿಗೆ ಎರಡೂ ಲಿಪಿ ಒಂದೇ. ಗುರುತು ಹಿಡಿಯಲು ತಲೆಕಟ್ಟು ನೋಡಬೇಕು. ತೆಲುಗಿನದ್ದು ಮೇಷ್ಟ್ರು ಹಾಕುವ ‘ಸರಿ’ ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ, ನಮ್ಮದು ಮಲಗಿ ಬಲಕ್ಕೆ ಕೊಂಡಿ ಹಾಕಿರುತ್ತದೆ. ಆ ಮಕ್ಕಳಿಗೆ ನನ್ನ ಸಲಹೆ ಒಂದೇ: ಕಾರ್ಡಿನ ಜೊತೆ ಹತ್ತು ಸೆಕೆಂಡಿನ ಧ್ವನಿ ಕಳಿಸಿ. ‘ಅಜ್ಜೀ’ ಅನ್ನುವುದಕ್ಕೆ ಲಿಪಿ ಬೇಡ, ವಿಭಕ್ತಿ ಬೇಡ.

ಆ್ಯಪ್ ಮಾಡುವವರಿಗೆ ದೊಡ್ಡ ಬೇಡಿಕೆ ಏನಿಲ್ಲ. ಕನ್ನಡ ವ್ಯಾಕರಣವನ್ನೆಲ್ಲ ಯಂತ್ರಕ್ಕೆ ಕಲಿಸಿ ಅಂತ ಕೇಳುತ್ತಿಲ್ಲ. ಅಜ್ಜಿ, ತಾತ, ಅವ್ವ, ಕಾಕಾ, ಅತ್ತೆ, ಭಾವ, ನಾದಿನಿ, ಹೀಗೆ ಮೂವತ್ತು ನಲವತ್ತು ಪದಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ‘ಗೆ’ ರೂಪ, ಕರೆಯುವ ರೂಪ ಕೈಯಲ್ಲೇ ಬರೆದಿಟ್ಟರೆ ಸಾಕು. ಕನ್ನಡ ಬಲ್ಲ ಒಬ್ಬರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ನೀನೋ ನೀವೋ ಅಂತ ಆರಿಸಲು ಒಂದು ಗುಂಡಿ ಕೊಡಲಿ. ಇಷ್ಟೂ ಬೇಡ ಅಂದರೆ ಹೆಸರಿನ ಡಬ್ಬಿಯ ಮೇಲಿನ ಆ ಒಂದು ಸಾಲನ್ನಾದರೂ ಬದಲಾಯಿಸಲಿ. ಈಗ ಅಲ್ಲಿ ‘ಹೆಸರು ನಮೂದಿಸಿ’ ಅಂತ ಇದೆ. ಅದರ ಜಾಗದಲ್ಲಿ ‘ಇವರನ್ನು ಏನಂತ ಕರೀತೀರಿ?’ ಅಂತ ಇರಲಿ.